ಮಡಕೆ ಶಿಬಿರಕ್ಕೆ ಎರಡು ಕ್ಯಾಪ್ಷನ್: ನನ್ನ ಆಯ್ಕೆ ಯಾವುದು, ಯಾಕೆ

ನಾನು ನಡೆಸುವ ವಾರಾಂತ್ಯದ ಮಡಕೆ ಶಿಬಿರಕ್ಕೆ ಇನ್‌ಸ್ಟಾಗ್ರಾಮ್‌ನಲ್ಲಿ ಎರಡು ಥರ ಕ್ಯಾಪ್ಷನ್ ಹಾಕಿ ನೋಡಿದ್ದೇನೆ. ಫೋಟೋ ಒಂದೇ, ಶುಲ್ಕ ಒಂದೇ, ಚಕ್ರಗಳೂ ಅವೇ ಆರು. ನನಗೆ ಇಷ್ಟವಾದದ್ದು ಎರಡನೆಯದು, ಅಂದರೆ ವಿವರ ಮೊದಲು ಹೇಳುವ ಕ್ಯಾಪ್ಷನ್.

ಮೊದಲನೆಯದು ಹೀಗಿತ್ತು: "ಮಣ್ಣು ಮುಟ್ಟಿ ಎಷ್ಟು ದಿನ ಆಯ್ತು? ಈ ಶನಿವಾರ, ಭಾನುವಾರ ನಮ್ಮ ಜೊತೆ ಚಕ್ರದ ಮುಂದೆ ಕೂತುಕೊಳ್ಳಿ. ಸಾಮಗ್ರಿ ಎಲ್ಲಾ ನಮ್ಮದೇ. ಸೀಮಿತ ಸೀಟು. ಶುಲ್ಕಕ್ಕೆ ಮೆಸೇಜ್ ಮಾಡಿ." ಓದೋಕೆ ಹಿತವಾಗಿದೆ, ಲೈಕ್ ಕೂಡ ಇದಕ್ಕೇ ಜಾಸ್ತಿ ಬಂತು.

ತೊಂದರೆ ಕೊಟ್ಟದ್ದು "ಸಾಮಗ್ರಿ ಎಲ್ಲಾ ನಮ್ಮದೇ" ಅನ್ನುವ ಸಾಲು. ಓದಿದವರು ಅದರಿಂದ ಅರ್ಥ ಮಾಡಿಕೊಳ್ಳುವುದು ಒಂದೇ: ಎರಡು ದಿನ ಮಾಡ್ತೀನಿ, ಭಾನುವಾರ ಸಂಜೆ ನನ್ನ ಬಟ್ಟಲು ಹಿಡಿದು ಮನೆಗೆ ಹೋಗ್ತೀನಿ. ಅದು ಆಗದ ಮಾತು. ಶನಿವಾರ ಚಕ್ರದ ಮೇಲೆ ಎತ್ತಿದ ಬಟ್ಟಲು ಭಾನುವಾರಕ್ಕೆ ಚರ್ಮದಷ್ಟು ಗಟ್ಟಿ ಆಗಿರುತ್ತದೆ. ಆಗ ಅದನ್ನು ಮಗುಚಿಟ್ಟು ತಳ ಕೆತ್ತಿ ಪಾದ ಬಿಡಿಸಬಹುದು, ಕಪ್ ಆದರೆ ಹಿಡಿ ಕೂರಿಸಬಹುದು. ಆದರೆ ಅದಿನ್ನೂ ಹಸಿ ಮಣ್ಣೇ. ನಿಧಾನವಾಗಿ ಒಣಗಲು ಒಂದು ವಾರವಾದರೂ ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಒಣಗಿದೆಯಾ ಅಂತ ತಿಳಿಯಲು ಕೆನ್ನೆಗೆ ಒತ್ತಿ ನೋಡುತ್ತೇವೆ. ತಣ್ಣಗೆ ತಾಗಿದರೆ ಒಳಗೆ ಇನ್ನೂ ನೀರಿದೆ ಅಂತ. ಅದನ್ನೇ ಮಡಕೆ ಸುಡುವ ಕಿಲ್ನ್‌ಗೆ ಇಟ್ಟು ಬೇಗ ಬಿಸಿ ಏರಿಸಿದರೆ ನೀರು ಆವಿಯಾಗಿ ಮಡಕೆ ಒಡೆದು ಸಿಡಿಯುತ್ತದೆ, ಪಕ್ಕದವರ ಬಟ್ಟಲಿಗೂ ಚೂರು ಬಡಿಯುತ್ತದೆ. ಆಮೇಲೆ 1000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೊದಲ ಸುಡುವಿಕೆ, ಗ್ಲೇಜ್ ಬಳಿಯುವುದು, ಇನ್ನೊಮ್ಮೆ ಸುಡುವುದು. ನಮ್ಮ ಸ್ಟೋನ್‌ವೇರ್ ಮಣ್ಣಿಗೆ ಆ ಎರಡನೇ ಸುಡುವಿಕೆ 1200 ಡಿಗ್ರಿ ದಾಟುತ್ತದೆ. ಕಿಲ್ನ್ ತುಂಬುವವರೆಗೆ ಕಾಯುವುದೂ ಸೇರಿದರೆ ಮೂರ್ನಾಲ್ಕು ವಾರ ಹಿಡಿಯುತ್ತದೆ.

ಇಷ್ಟೆಲ್ಲ ಕ್ಯಾಪ್ಷನ್‌ನಲ್ಲಿ ಇಲ್ಲದಿದ್ದಾಗ ಏನಾಗುತ್ತದೆ? ಭಾನುವಾರ ಸಂಜೆ ಒಬ್ಬರು ಚೀಲ, ಹಳೇ ಪೇಪರ್ ಎಲ್ಲಾ ತಂದಿದ್ದರು. ಬಟ್ಟಲು ಉಡುಗೊರೆ ಕೊಡಬೇಕಿತ್ತಂತೆ, ಅದೂ ಮಾರನೇ ದಿನ. ಅವರ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು. ಇನ್ನೊಬ್ಬರು, ಸುಡುವುದಕ್ಕೆ ಬೇರೆ ದುಡ್ಡಾ ಅಂತ ಕೇಳಿದರು. ನಮ್ಮಲ್ಲಿ ಅದು ಶುಲ್ಕದಲ್ಲೇ ಸೇರಿದೆ, ಆದರೆ ಬೇರೆ ಕಡೆ ತೂಕದ ಮೇಲೋ ಅಳತೆಯ ಮೇಲೋ ಪ್ರತ್ಯೇಕ ವಸೂಲಿ ಮಾಡುವುದೂ ಉಂಟು. ಅವರು ಕೇಳಿದ್ದು ನ್ಯಾಯವೇ.

ಎರಡನೇ ಕ್ಯಾಪ್ಷನ್ ಹೀಗಿದೆ:

"ಶನಿವಾರ, ಭಾನುವಾರ ಚಕ್ರದ ಮೇಲೆ ಮಡಕೆ ಮಾಡೋಣ. ಆರು ಚಕ್ರ, ಆರೇ ಸೀಟು. ಶುಲ್ಕ ಇಷ್ಟು, ಮಣ್ಣು, ಉಪಕರಣ, ಏಪ್ರನ್, ಗ್ಲೇಜ್, ಎರಡು ಸಲದ ಸುಡುವಿಕೆ ಎಲ್ಲಾ ಸೇರಿ. ನಿಮಗೆ ಇಷ್ಟವಾದ ಎರಡು ಮಡಕೆ ಸುಟ್ಟು ಕೊಡುತ್ತೇವೆ. ಅವು ಕೈಗೆ ಸಿಗುವುದು ಸುಮಾರು ನಾಲ್ಕು ವಾರದ ನಂತರ. ಉಗುರು ಕತ್ತರಿಸಿಕೊಂಡು ಬನ್ನಿ. ಪೂರ್ತಿ ಶುಲ್ಕ ಕಟ್ಟಿದ ಮೇಲೆ ಸೀಟು ನಿಮ್ಮದು."

"ಇಷ್ಟು" ಅನ್ನುವಲ್ಲಿ ನಿಮ್ಮ ಮೊತ್ತ ಹಾಕಿಕೊಳ್ಳಿ. ಇನ್‌ಸ್ಟಾಗ್ರಾಮ್‌ನಲ್ಲಿ ಕ್ಯಾಪ್ಷನ್‌ನ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ತಾನೇ ತೆರೆಯುವುದು? ಅದಕ್ಕೇ ದಿನ, ಸೀಟು, ಶುಲ್ಕ ಮೇಲೇ ಬಂದಿವೆ. ಉಗುರಿನ ಸಾಲು ಸಣ್ಣದು ಅನ್ನಿಸಬಹುದು. ಉದ್ದ ಉಗುರಿದ್ದರೆ ತೆಳು ಗೋಡೆ ಎತ್ತುವಾಗ ಗೆರೆ ಬೀಳುತ್ತದೆ.

"ಸೀಮಿತ ಸೀಟು" ಅಂದರೆ ಜನ ನಂಬುವುದಿಲ್ಲ, ಎಲ್ಲರೂ ಹಾಗೇ ಬರೆಯುತ್ತಾರೆ. "ಆರು ಚಕ್ರ, ಆರೇ ಸೀಟು" ಅಂದರೆ ಕಾರಣ ಅಲ್ಲೇ ಇದೆ.

ಎರಡನೆಯದಕ್ಕೆ ವಿಚಾರಣೆ ಕಡಿಮೆ ಬಂತು, ಒಪ್ಪುತ್ತೇನೆ. ಶುಲ್ಕ ನೋಡಿ ಹಿಂದೆ ಸರಿದವರು ಮೆಸೇಜ್ ಮಾಡಲೇ ಇಲ್ಲ. ಆದರೆ ಮಾಡಿದವರು ಕೇಳಿದ್ದು "ಹೇಗೆ ಕಟ್ಟಬೇಕು?" ಅಂತ ಮಾತ್ರ. ನಾನು ದಿನವಿಡೀ ಮಣ್ಣಿನ ಕೈಯಲ್ಲಿ ಇರುವವಳು, ಪ್ರತಿ ಮೆಸೇಜ್‌ಗೆ ಕೈ ತೊಳೆದು ಫೋನ್ ಎತ್ತಬೇಕು. ಉತ್ತರ ಕೊಡಲು ಬೇರೆಯವರಿಲ್ಲ, ಜಾಹೀರಾತಿಗೆ ದುಡ್ಡೂ ಇಲ್ಲ. ಆರು ಸೀಟಿಗೆ ನೂರು ಲೈಕ್ ಯಾಕೆ ಬೇಕು? ದೊಡ್ಡ ಸ್ಟುಡಿಯೋ, ಫೋನಿಗೇ ಒಬ್ಬರು ಇದ್ದಾರೆ ಅಂದರೆ ಮೊದಲನೆಯದೂ ನಡೆಯುತ್ತದೆ. ಆಗಲೂ "ಮಡಕೆ ಸಿಗುವುದು ನಾಲ್ಕು ವಾರದ ನಂತರ" ಅನ್ನುವ ಸಾಲು ಬಿಡಬೇಡಿ.

ಸೀಟು ತುಂಬಿದ ತಕ್ಷಣ ಕ್ಯಾಪ್ಷನ್ ತಿದ್ದಿ, ಮೊದಲ ಸಾಲಿಗೇ "ಸೀಟು ಭರ್ತಿ" ಅಂತ ಸೇರಿಸುತ್ತೇನೆ. ಯಾರಾದರೂ ಬಿಟ್ಟರೆ ಕರೆಯಲು ಹೆಸರು ಬರೆಸಿ ಅಂತಲೂ ಅಲ್ಲೇ ಹಾಕುತ್ತೇನೆ.