ಗೆಳೆಯನ ಬದುಕಿನ ಚಿತ್ರವಿಮರ್ಶೆ: ವೇದಿಕೆಯೋ, ಹಾಳೆಯೋ?

ಗೆಳೆಯನ ಬದುಕನ್ನೇ ಸಿನಿಮಾ ಮಾಡಿ ಅವನ ಆರತಕ್ಷತೆಗೆ ಬರೆದ ಅಣಕು ವಿಮರ್ಶೆಯನ್ನು ವೇದಿಕೆಯಲ್ಲಿ ಓದಬೇಕೋ, ಮುದ್ರಿಸಿ ಹಂಚಬೇಕೋ ಎಂದು ಕೇಳಿದ್ದೀರಿ.

ಕಥೆಗೆ ಕೊಡುವ ಅಂಕ ವೇದಿಕೆ, ಹಾಳೆ ಎರಡರಲ್ಲೂ ನಡೆಯುತ್ತದೆ: "ಮಧ್ಯಂತರದವರೆಗೆ ನಾಯಕ ಹಾಸಿಗೆ ಬಿಟ್ಟೇಳುವುದಿಲ್ಲ, ಐದಕ್ಕೆ ಎರಡು."

ನಟನೆಗೆ ವೇದಿಕೆಯೇ ಸರಿ. ಅಮ್ಮನ ಫೋನಿಗೆ "ಊಟ ಆಯಿತು" ಎನ್ನುವ ಅವನ ಸುಳ್ಳು ದನಿಯನ್ನು ಅನುಕರಿಸಿದರೆ ನಗು ಖಚಿತ; ಅಚ್ಚಿನಲ್ಲಿ ಅದು ಸಪ್ಪೆ.

ಒಂದು ದೃಶ್ಯಕ್ಕೆ ಇನ್ನೊಂದು ತಾಳೆಯಾಗದ ಕಂಟಿನ್ಯುಟಿ ದೋಷಕ್ಕೆ ಹಾಳೆ ಮೇಲು. ಸೋಮವಾರ ಜಿಮ್ ಸೇರಿದವನು ಬುಧವಾರ ಹೋಳಿಗೆ ಅಂಗಡಿಯಲ್ಲಿ ಕಾಣಿಸಿದ್ದು ನಗಿಸಬೇಕಾದರೆ ಮೊದಲ ದೃಶ್ಯ ನೆನಪಿರಬೇಕು. ಓದುಗ ಹಿಂದಕ್ಕೆ ಕಣ್ಣಾಡಿಸಬಲ್ಲ, ಕೇಳುಗನಿಗೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು.

ಸಭೆಯಲ್ಲಿ ಹಳೆಯ ಸ್ನೇಹಿತರೇ ಹೆಚ್ಚಿದ್ದರೆ ಓದಿ. ಬೀಗರೇ ಹೆಚ್ಚಿದ್ದರೆ ಮುದ್ರಿಸಿ, ಆದರೆ ಹಳೆಯ ಪ್ರೇಮದ ಉಪಕಥೆಯನ್ನು ಕತ್ತರಿಸಿಬಿಡಿ. ಹಾಳೆ ಅತ್ತೆಮನೆಗೂ ಹೋಗುತ್ತದೆ.