ಆರು ವರ್ಷದ ಎಸ್‌ಐಪಿ, ನಾಲ್ಕು ಬೋನಸ್: ಎರಡನ್ನೂ ಬಳಸಿದವನ ಅನುಭವ

ನಾನು ಪೀಣ್ಯದಲ್ಲಿ ಒಂದು ಮಷಿನ್ ಬಿಡಿಭಾಗ ಮಾಡೋ ಫ್ಯಾಕ್ಟರೀಲಿ ಕ್ವಾಲಿಟಿ ವಿಭಾಗದಲ್ಲಿದೀನಿ. ಸಂಬಳ ಒಂದನೇ ತಾರೀಖು ತಪ್ಪದೆ ಬರುತ್ತೆ, ಬೋನಸ್ ಮಾತ್ರ ಆರ್ಡರ್ ನೋಡ್ಕೊಂಡು ಬರುತ್ತೆ, ಒಂದ್ ವರ್ಷ ಆಯುಧಪೂಜೆಗೆ, ಒಂದ್ ವರ್ಷ ಮಾರ್ಚ್ ಕೊನೇಲಿ, ಒಂದ್ ವರ್ಷ ಬರೀ ಸ್ವೀಟ್ ಬಾಕ್ಸ್. 2019ರ ಜೂನ್‌ನಿಂದ ಒಂದು ನಿಫ್ಟಿ 50 ಇಂಡೆಕ್ಸ್ ಫಂಡ್‌ಗೆ, ಅಂದ್ರೆ ನಿಫ್ಟಿ ಷೇರು ಸೂಚ್ಯಂಕದ ಹಿಂದೇನೇ ಏರಿಳಿಯೋ ಫಂಡ್‌ಗೆ, ಎಸ್‌ಐಪಿ ನಡೀತಿದೆ, ತಿಂಗಳಿಗಿಷ್ಟು ಅಂತ ಅಕೌಂಟ್‌ನಿಂದ ತಾನಾಗೇ ಕಟ್ ಆಗಿ ಹೋಗುತ್ತೆ. ಬೋನಸ್ ದುಡ್ಡನ್ನ ಒಂದೊಂದ್ ಸಲ ಒಂದೊಂದ್ ಥರ ಹಾಕಿದೀನಿ. ಫಂಡ್ ಯಾವುದು, ಖರ್ಚು ಎಷ್ಟು ಪರ್ಸೆಂಟು ಅದೆಲ್ಲಾ ಇಲ್ಲಿ ಬರೆಯಲ್ಲ, ಎಲ್ಲಾ ಕಡೆ ಸಿಗುತ್ತೆ. "ಎಸ್‌ಐಪಿ ಒಳ್ಳೇದಾ, ಒಟ್ಟಿಗೆ ಹಾಕೋದು ಒಳ್ಳೇದಾ" ಅಂತ ಕೇಳೋರಿಗೆ ನಾನು ಎಲ್ಲಿ ದುಡ್ಡು ಕಳ್ಕೊಂಡೆ ಅನ್ನೋದನ್ನ ಹೇಳ್ಬೇಕು.

ಮೊದಲು ಎಸ್‌ಐಪಿ ವಿಷಯ. ಐದನೇ ತಾರೀಖು ನನಗೆ ಈಗ ಹಬ್ಬದ ಥರ. ಬೆಳಿಗ್ಗೆ ಮೆಟ್ರೋದಲ್ಲಿ ನಿಂತಿರುವಾಗ ಬ್ಯಾಂಕ್‌ನಿಂದ ದುಡ್ಡು ಹೋಯ್ತು ಅಂತ ಮೆಸೇಜ್ ಬರುತ್ತೆ, ಒಂದೆರಡು ದಿನ ಬಿಟ್ಟು ಇಷ್ಟು ಯೂನಿಟ್ ಸೇರ್ತು ಅಂತ ಇನ್ನೊಂದು. ರಾತ್ರಿ ಊಟ ಆದ್ಮೇಲೆ ಒಂದು ಹಳೇ ಡೈರೀಲಿ ತಾರೀಖು, ಎನ್‌ಎವಿ ಅಂದ್ರೆ ಅವತ್ತಿನ ಒಂದು ಯೂನಿಟ್ ಬೆಲೆ, ಸೇರಿದ ಯೂನಿಟ್ ಮೂರನ್ನೂ ಪೆನ್ನಲ್ಲಿ ಬರೀತೀನಿ. ಆ್ಯಪ್‌ನಲ್ಲಿ ಎಲ್ಲಾ ಇರುತ್ತೆ, ಆದ್ರೂ ಕೈಯಲ್ಲಿ ಬರೆದಾಗ ಯೂನಿಟ್ ಕೂಡ್ತಾ ಹೋಗೋದು ಕಣ್ಣಿಗೆ ಕಾಣುತ್ತೆ. 2020ರ ಏಪ್ರಿಲ್ ಪುಟ ಈಗ್ಲೂ ತೆಗೆದು ನೋಡ್ತೀನಿ. ಐದು ಭಾನುವಾರ ಆಗಿತ್ತು, ಸೋಮವಾರ ಮಹಾವೀರ ಜಯಂತಿ ರಜೆ, ಹಾಗಾಗಿ ಕಂತು ಏಳನೇ ತಾರೀಖಿಗೆ ಹೋಯ್ತು, ಅವತ್ತೇ ನಿಫ್ಟಿ 700 ಪಾಯಿಂಟ್ ಮೇಲೆ ಏರಿತ್ತು. ಆದ್ರೂ ಇನ್ನೂ 9,000ದ ಕೆಳಗೇ ಇತ್ತು. ಲಾಕ್‌ಡೌನ್‌ನಲ್ಲಿ ಮನೇಲಿ ಕೂತು ಟಿವೀಲಿ ಬರೋದನ್ನ ನೋಡಿದ್ರೆ ನಾನಾಗೇ ಒಂದು ರೂಪಾಯಿನೂ ಹಾಕ್ತಿರ್ಲಿಲ್ಲ. ನನ್ನ ಕೇಳದೇ ಕಟ್ ಆಯ್ತಲ್ಲ, ಅದಕ್ಕೇ ಎಸ್‌ಐಪಿಗೆ ನಾನು ಋಣಿ.

ಆದ್ರೆ ಎರಡರಲ್ಲಿ ಯಾವುದು ಮೇಲು ಅಂತ ಹೋಲಿಸಬಹುದು ಅನ್ನೋ ತಪ್ಪು ತಿಳುವಳಿಕೆ ನನಗೆ ನಾಲ್ಕು ವರ್ಷ ಇತ್ತು. ಸಂಬಳದ ಎಸ್‌ಐಪೀನ ಒಟ್ಟಿಗೆ ಹಾಕೋದರ ಜೊತೆ ಹೋಲಿಸೋಕೆ ಆಗೋದೇ ಇಲ್ಲ. ತಿಂಗಳಿಗೆ 12,000 ಉಳಿಯುತ್ತೆ, ಅದನ್ನ ಆ ತಿಂಗಳೇ ಹಾಕ್ತೀನಿ, ಅಂದ್ರೆ ಇರೋ ದುಡ್ಡನ್ನ ಇದ್ದ ತಕ್ಷಣ ಪೂರ್ತಿ ಹಾಕಿದ ಹಾಗೇ ಆಯ್ತು. ಮುಂದಿನ ವರ್ಷದ ಸಂಬಳ ಇವತ್ತು ನನ್ನ ಕೈಲಿಲ್ಲ. ಆ್ಯಪ್‌ಗಳಲ್ಲಿ "ಹತ್ತು ವರ್ಷದ ಹಿಂದೆ ಒಟ್ಟಿಗೆ ಹಾಕಿದ್ರೆ ಇಷ್ಟು, ಎಸ್‌ಐಪಿ ಮಾಡಿದ್ರೆ ಇಷ್ಟು" ಅಂತ ಎರಡು ಗೆರೆ ತೋರಿಸ್ತಾರಲ್ಲ, ಅದು ನಮ್ಮಂಥ ಸಂಬಳದವರಿಗೆ ಸಂಬಂಧವೇ ಇಲ್ಲದ ಚಿತ್ರ. ಪ್ರಶ್ನೆ ಹುಟ್ಟೋದು ಬೋನಸ್ ಬಂದ ದಿನ ಮಾತ್ರ, ಯಾಕಂದ್ರೆ ಅವತ್ತು ಮಾತ್ರ ಒಂದು ಗಂಟು ದುಡ್ಡು ಕೈಲಿರುತ್ತೆ.

ಮೊದಲ ಬೋನಸ್ 2020ರ ಆಯುಧಪೂಜೆಗೆ ಬಂತು, ಟ್ಯಾಕ್ಸ್ ಕಡಿದು 90,000. ನಿಫ್ಟಿ ಆಗ ಸುಮಾರು 11,900. ಮಾರ್ಚ್‌ನಲ್ಲಿ ಬಿದ್ದಿದ್ದು ನೋಡಿದ್ದೆ, ಇನ್ನೊಂದ್ ಸಲ ಬೀಳುತ್ತೆ ಆಗ ಹಾಕೋಣ ಅಂತ ಸೇವಿಂಗ್ಸ್ ಅಕೌಂಟ್‌ನಲ್ಲೇ ಬಿಟ್ಟೆ. ತಿಪಟೂರಲ್ಲಿ ನಮ್ಮಪ್ಪ ಕೊಬ್ಬರೀನ ಅಟ್ಟದ ಮೇಲೆ ಇಟ್ಕೊಂಡು ರೇಟ್ ಕಾಯ್ತಾರೆ, ಅದು ಅಟ್ಟದಲ್ಲೇ ಇರುತ್ತೆ, ಯಾರೂ ತಿಂದು ಮುಗಿಸಲ್ಲ. ಅಕೌಂಟ್‌ನಲ್ಲಿರೋ ದುಡ್ಡು ಹಾಗಲ್ಲ. ವಾಷಿಂಗ್ ಮಷಿನ್ ಕೆಟ್ಟೋಯ್ತು, ಚಿಕ್ಕಪ್ಪನ ಮಗಳ ಮದುವೆ ಬಂತು, ಗಾಡಿ ಇನ್ಶೂರೆನ್ಸ್ ಬಂತು, ಫೆಬ್ರವರೀಲಿ ನಿಫ್ಟಿ 15,000 ಮುಟ್ಟಿದಾಗ ಅಕೌಂಟ್‌ನಲ್ಲಿ ಉಳಿದಿದ್ದು 31,000. ಬೀಳಲೂ ಇಲ್ಲ, ದುಡ್ಡೂ ಉಳೀಲಿಲ್ಲ. ಇದು ನನಗೆ ಇವತ್ತಿಗೂ ಹೊಟ್ಟೆ ಉರಿಸೋ ವಿಷಯ, ಯಾಕಂದ್ರೆ ಇದು ಎಸ್‌ಐಪಿಯೂ ಅಲ್ಲ ಒಟ್ಟಿಗೆ ಹಾಕಿದ್ದೂ ಅಲ್ಲ, ಸುಮ್ಮನೆ ಕೂತಿದ್ದು.

ಆ ಸಿಟ್ಟಲ್ಲೇ 2021ರಲ್ಲಿ ಉಲ್ಟಾ ಮಾಡಿದೆ. ಆಯುಧಪೂಜೆ ಹಿಂದೆ ಮುಂದೆ 2,40,000 ಬಂತು, ಹಬ್ಬ ಮುಗಿದ ಸೋಮವಾರ, ಅಕ್ಟೋಬರ್ 18ಕ್ಕೆ, ಮಧ್ಯಾಹ್ನ ಮೂರು ಗಂಟೆಯೊಳಗೆ ಪೂರ್ತಿ ಹಾಕಿಬಿಟ್ಟೆ. ಅವತ್ತು ನಿಫ್ಟಿ ಮುಗಿದಿದ್ದು 18,477ರಲ್ಲಿ. ಅಲ್ಲಿಂದ ಆರಂಭ ಆಯ್ತು ನೋಡಿ ಇಳಿಯೋದು, ಉಕ್ರೇನ್ ಯುದ್ಧ, ಬಡ್ಡಿ ದರ ಏರಿಕೆ, 2022ರ ಜೂನ್ 17ಕ್ಕೆ 15,293. ನನ್ನ 2,40,000 ಎರಡು ಲಕ್ಷದ ಕೆಳಗೆ ಹೋಗಿತ್ತು. ಡೈರೀಲಿ ಆ ಎಂಟು ತಿಂಗಳು ಎಸ್‌ಐಪಿ ಸಾಲು ಬರೆದಿದೀನಿ, ಬೋನಸ್ ಸಾಲಿನ ಕಡೆ ತಿರುಗಿ ನೋಡಿಲ್ಲ.

ಆಮೇಲೆ ಕೂತು ಲೆಕ್ಕ ಹಾಕ್ದೆ. ಅದೇ ದುಡ್ಡನ್ನ ತಿಂಗಳಿಗೆ 20,000ದಂತೆ ಹನ್ನೆರಡು ಕಂತು, ಅಕ್ಟೋಬರ್ ಕೊನೆಯಿಂದ ಮುಂದಿನ ಸೆಪ್ಟೆಂಬರ್ ಕೊನೆವರೆಗೂ ಹಾಕಿದ್ರೆ, ತಿಂಗಳ ಕೊನೇ ದಿನದ ನಿಫ್ಟಿ ಹಿಡಿದ್ರೆ, ಸರಾಸರಿ ಖರೀದಿ ಸುಮಾರು 17,100ಕ್ಕೆ ಬರುತ್ತೆ. ನಂದು 18,477. 2024ರ ಸೆಪ್ಟೆಂಬರ್ ಕೊನೇಲಿ ನಿಫ್ಟಿ 26,000ದ ಆಸುಪಾಸಲ್ಲಿದ್ದಾಗ ನೋಡಿದ್ರೆ, ಡಿವಿಡೆಂಡ್ ಬಿಟ್ಟು ಬರೀ ಸೂಚ್ಯಂಕದ ಲೆಕ್ಕದಲ್ಲಿ, ಒಟ್ಟಿಗೆ ಹಾಕಿದ್ದು 3.38 ಲಕ್ಷ, ಕಂತಲ್ಲಿ ಹಾಕಿದ್ರೆ 3.65 ಲಕ್ಷ. ಅಂದ್ರೆ ಮಾರುಕಟ್ಟೆಯ ತುದೀಲಿ ಹಾಕಿದ ದಂಡ ಸುಮಾರು 27,000.

ಮುಂದಿನದ್ದು 2022ರ ತಪ್ಪು. ಬೋನಸ್ ಹೇಗೂ ಬರುತ್ತಲ್ಲ ಅಂತ ಎಸ್‌ಐಪೀನೇ ಜೂನ್‌ನಲ್ಲಿ 12,000ದಿಂದ 22,000ಕ್ಕೆ ಏರಿಸ್ದೆ. ಆ ವರ್ಷ ಬಂದಿದ್ದು ಸ್ವೀಟ್ ಬಾಕ್ಸ್. ಅಕ್ಟೋಬರ್, ನವೆಂಬರ್ ಎರಡು ತಿಂಗಳು ಐದನೇ ತಾರೀಖಿಗೆ ಅಕೌಂಟ್‌ನಲ್ಲಿ ದುಡ್ಡು ಸಾಲದೆ ಕಂತು ಬೌನ್ಸ್ ಆಯ್ತು, ಫಂಡಿನವರು ಏನೂ ಕೇಳಲಿಲ್ಲ, ಬ್ಯಾಂಕ್ ಮಾತ್ರ ಪ್ರತಿ ಸಲಕ್ಕೂ ಜಿಎಸ್‌ಟಿ ಸೇರಿಸಿ 590 ಕಿತ್ಕೊಂಡ್ರು. ಸತತ ಮೂರು ಕಂತು ತಪ್ಪಿದ್ರೆ ಎಸ್‌ಐಪಿನೇ ರದ್ದಾಗುತ್ತೆ, ನಾನು ಎರಡಕ್ಕೇ ಎಚ್ಚೆತ್ತು ವಾಪಸ್ 12,000ಕ್ಕೆ ಇಳಿಸ್ದೆ. ಹಾಗಾಗಿ ಎಸ್‌ಐಪಿ ಮೊತ್ತ ಮೂಲ ಸಂಬಳದ ಮೇಲೇ ಇರ್ಲಿ, ಲೆಟರ್‌ನಲ್ಲಿ ವೇರಿಯಬಲ್ ಅಂತ ಬರೆದಿರೋದನ್ನ ಬಂದಿದ್ದು ಅಂತ ಎಣಿಸ್ಬೇಡಿ. ಬಂದ್ರೂ ಲೆಟರ್‌ನಲ್ಲಿರೋ ಅಷ್ಟು ಕೈಗೆ ಬರಲ್ಲ, ಆ ತಿಂಗಳೇ ಟಿಡಿಎಸ್ ಹೊಡೀತಾರೆ.

2023ರ ಮಾರ್ಚ್ ಕೊನೇಲಿ ಇನ್ಸೆಂಟಿವ್ ಅಂತ 1,80,000 ಬಂತು. 2021ರ ಏಟು ನೆನಪಿತ್ತಲ್ಲ, ಈ ಸಲ ಎಸ್‌ಟಿಪಿ ಮಾಡ್ದೆ. ಗೊತ್ತಿಲ್ಲದವರಿಗೆ: ದುಡ್ಡು ಪೂರ್ತಿ ಮೊದಲು ಏರಿಳಿತ ತೀರಾ ಕಮ್ಮಿ ಇರೋ ಲಿಕ್ವಿಡ್ ಫಂಡ್‌ಗೆ ಹಾಕೋದು, ಅಲ್ಲಿಂದ ತಿಂಗಳಿಗಿಷ್ಟು ಅಂತ ತಾನಾಗೇ ಇಂಡೆಕ್ಸ್ ಫಂಡ್‌ಗೆ ಹೋಗೋ ಹಾಗೆ ಹೇಳಿಡೋದು. ಎರಡು ಫಂಡೂ ಒಂದೇ ಕಂಪನೀದಾಗಿರ್ಬೇಕು, ಇದು ನನಗೆ ಮೊದಲು ಗೊತ್ತಿರ್ಲಿಲ್ಲ, ಬೇರೆ ಕಂಪನಿ ಲಿಕ್ವಿಡ್ ಫಂಡ್‌ಗೆ ಹಾಕಿ ವಾಪಸ್ ತೆಗೀಬೇಕಾಯ್ತು. ಇನ್ನೊಂದು, ಪ್ರತಿ ಸಲ ದುಡ್ಡು ಹೋಗುವಾಗ ಲಿಕ್ವಿಡ್ ಫಂಡ್‌ನ ಯೂನಿಟ್ ಮಾರಿದ ಹಾಗೇ ಲೆಕ್ಕ, ಅದರಲ್ಲಿ ಬಂದ ಚೂರು ಲಾಭಕ್ಕೆ ನಿಮ್ಮ ಸ್ಲ್ಯಾಬ್ ಪ್ರಕಾರ ಟ್ಯಾಕ್ಸು. ಈ ಕಡೆ ಇಂಡೆಕ್ಸ್ ಫಂಡ್‌ಗೆ ಸೇರಿದ ಪ್ರತಿ ಕಂತಿಗೂ, ಲಾಭಕ್ಕೆ ಕಮ್ಮಿ ಟ್ಯಾಕ್ಸ್ ಬೀಳೋಕೆ ಬೇಕಾದ ಒಂದು ವರ್ಷದ ಎಣಿಕೆ ಬೇರೆ ಬೇರೆ ಶುರುವಾಗುತ್ತೆ.

ತಿಂಗಳಿಗೆ 15,000, ಹನ್ನೆರಡು ಕಂತು. ಮೊದಲ ಕಂತು ಹೋದಾಗ ನಿಫ್ಟಿ 17,360. ಆಮೇಲೆ ಅದು ಅಲ್ಲಿಗೆ ವಾಪಸ್ ಇಳಿಯೋ ಮನಸ್ಸೇ ಮಾಡ್ಲಿಲ್ಲ, ಡಿಸೆಂಬರ್ ಕೊನೆಗೆ 21,731, ಹೆಚ್ಚಿನ ತಿಂಗಳು ಡೈರೀಲಿ ಹಿಂದಿನದಕ್ಕಿಂತ ಕಮ್ಮಿ ಯೂನಿಟ್ ಬರೀತಾ ಹೋದೆ. ಸರಾಸರಿ ಬಿದ್ದಿದ್ದು ಸುಮಾರು 19,600. ಅದೇ 26,000ದ ಲೆಕ್ಕದಲ್ಲಿ ಮೊದಲ ದಿನವೇ ಹಾಕಿದ್ರೆ 2.70 ಲಕ್ಷ, ಎಸ್‌ಟಿಪೀಲಿ 2.39 ಲಕ್ಷ, ಲಿಕ್ವಿಡ್ ಫಂಡ್‌ನಲ್ಲಿ ಬಂದಿದ್ದು ಸುಮಾರು 6,000 ಸೇರಿಸಿದ್ರೂ 25,000 ಕಮ್ಮಿ. ಎರಡೂ ಸಲ ನಾನು ತಪ್ಪು ಕಡೆ ನಿಂತಿದ್ದೆ.

ಇಷ್ಟು ಹೊತ್ತಿಗೆ ಎರಡರ ಮೇಲೂ ಬೇಜಾರು ಬಂದಿತ್ತು. ಆಗ ನಮ್ಮ ಅಕೌಂಟ್ಸ್‌ನ ಮೇಡಂ ಒಬ್ರು ಹೇಳಿದ್ರು, "ಅಮೆರಿಕಾದ ಫಂಡ್ ಕಂಪನಿ ವ್ಯಾನ್‌ಗಾರ್ಡ್‌ನವರು 2012ರಲ್ಲಿ ಅಮೆರಿಕಾ, ಬ್ರಿಟನ್, ಆಸ್ಟ್ರೇಲಿಯಾ ಲೆಕ್ಕ ತೆಗೆದ್ರಪ್ಪ, ಕೈಲಿರೋ ಗಂಟನ್ನ ಒಟ್ಟಿಗೆ ಹಾಕಿದ್ದು ಮೂರರಲ್ಲಿ ಸುಮಾರು ಎರಡು ಸಲ ಗೆದ್ದಿದೆ. ಆದ್ರೆ ಉಳಿದ ಒಂದು ಸಲ ನಿಮಗೆ ಬಂದ್ರೆ ತಡ್ಕೊಳ್ತೀರಾ, ಅದನ್ನ ನೋಡ್ಕೊಳ್ಳಿ." ಲೆಕ್ಕ ಭಾರತದ್ದಲ್ಲ, ಆದ್ರೂ ಕಾರಣ ಇಲ್ಲಿಗೂ ಹೊಂದುತ್ತೆ: ಮಾರುಕಟ್ಟೆ ದೀರ್ಘಾವಧೀಲಿ ಏರೋ ಕಡೇನೇ ಜಾಸ್ತಿ ಇದ್ರೆ ಕಾದಷ್ಟೂ ಮೇಲಿನ ಬೆಲೆಗೆ ಕೊಳ್ಳೋ ಸಾಧ್ಯತೆ ಜಾಸ್ತಿ. ಕಂತಲ್ಲಿ ಹಾಕೋದು ಲಾಭ ಹೆಚ್ಚಿಸೋಕಲ್ಲ, ಕೆಟ್ಟ ದಿನದ ಏಟು ತಗ್ಗಿಸೋಕೆ ಕೊಡೋ ಬೆಲೆ ಅದು.

ಅದು ಗೊತ್ತಾದ್ಮೇಲೆ ಡೈರಿ ಹಳೇ ಪುಟಗಳು ಬೇರೆ ಥರ ಕಂಡ್ವು. ಒಟ್ಟಿಗೆ ಹಾಕಿ ಕಳ್ಕೊಂಡಿದ್ದು 27,000, ಕಂತಲ್ಲಿ ಹಾಕಿ ಕಳ್ಕೊಂಡಿದ್ದು 25,000, ಎರಡೂ ಸಲ ಅಸಲು ಬೆಳೆದೇ ಇದೆ. ಕಾಯ್ತಾ ಕೂತ 90,000ದಲ್ಲಿ ಮಾತ್ರ 59,000 ಖರ್ಚಾಗೇ ಹೋಯ್ತು, ಅದು 26,000ದ ಲೆಕ್ಕಕ್ಕೆ ಒಂದೂಕಾಲು ಲಕ್ಷ ದಾಟಿರೋದು.

2024ರ ಆಯುಧಪೂಜೆಗೆ 1,20,000 ಬಂತು. ಅರ್ಧ ಅವತ್ತೇ ಇಂಡೆಕ್ಸ್ ಫಂಡ್‌ಗೆ, ಅರ್ಧ ಲಿಕ್ವಿಡ್‌ಗೆ ಹಾಕಿ ತಿಂಗಳಿಗೆ 10,000ದಂತೆ ಆರು ಕಂತು. ಹನ್ನೆರಡು ಬೇಡ, ಆರೇ ಸಾಕು, ಹನ್ನೆರಡು ಮುಗಿಯೋಷ್ಟರಲ್ಲಿ ಮುಂದಿನ ಬೋನಸ್ ಬಂದುಬಿಡಬಹುದು, ಕಂತು ಮೇಲೆ ಕಂತು ಬಿದ್ರೆ ದುಡ್ಡು ಯಾವಾಗ್ಲೂ ಅರ್ಧ ಹೊರಗೇ ಇರುತ್ತೆ. ಮೊದಲರ್ಧ ಹೋದಾಗ ನಿಫ್ಟಿ 25,000ದ ಹತ್ರ ಇತ್ತು, ಮಾರ್ಚ್ ಮೊದಲ ವಾರ 22,000ಕ್ಕೆ ಬಂತು. ಈ ಸಲ ಬೋನಸ್ ಸಾಲನ್ನೂ ಡೈರೀಲಿ ಪ್ರತಿ ತಿಂಗಳು ಬರೆದೆ, ಒಂದ್ ತಿಂಗಳೂ ಬಿಟ್ಟಿಲ್ಲ.

ನಿಮಗೆ ಮನೆ ಸಾಲ ಇದ್ರೆ, ಆರು ತಿಂಗಳ ಖರ್ಚಿನ ದುಡ್ಡು ಎತ್ತಿಟ್ಟಿಲ್ಲದೇ ಇದ್ರೆ, ಅಥವಾ ಮೂರು ವರ್ಷದೊಳಗೆ ಈ ದುಡ್ಡು ಬೇಕಾಗೋ ಹಾಗಿದ್ರೆ ನನ್ನ ಲೆಕ್ಕ ನಿಮಗೆ ಆಗಲ್ಲ, ನನಗೆ ಇದ್ಯಾವುದೂ ಇಲ್ಲ, ಬಾಡಿಗೆ ಮನೆ, ಅಪ್ಪ ಅಮ್ಮ ಊರಲ್ಲಿ ತೋಟ ನೋಡ್ಕೊಂಡಿದಾರೆ. ಈ ಸಲದ ಬೋನಸ್ ಎಷ್ಟು ಅಂತ ಇನ್ನೂ ಹೇಳಿಲ್ಲ. ಲಿಕ್ವಿಡ್ ಫಂಡ್ ಫೋಲಿಯೋ ಮಾತ್ರ ತೆರೆದೇ ಇಟ್ಟಿದೀನಿ, ಅದೇ ಕಂಪನೀದು, ದುಡ್ಡು ಬಂದ ದಿನವೇ ಅರ್ಧರ್ಧ ಹೋಗುತ್ತೆ.