ಬ್ಯಾಂಕಿನವರೇ ಟೈಪ್ ಮಾಡಿ ಕೊಡೋ 'ರಿಕ್ವೆಸ್ಟ್ ಲೆಟರ್'ಗೆ ಸಹಿ ಹಾಕಬೇಡಿ

ದುಡ್ಡು ತಡವಾಗಿ ಜಮಾ ಮಾಡಿದ್ದು ಬ್ಯಾಂಕು. ದಂಡ ಕಟ್ಟಿದ್ದು ನಾನು. ದಂಡ ವಾಪಸ್ ಕೊಡಿ ಅಂತ ಕೇಳೋಕೆ ಹೋದರೆ, 'ತಪ್ಪು ನನ್ನದೇ' ಅಂತ ಬರೆದ ಕಾಗದಕ್ಕೆ ನನ್ನ ಕೈಲೇ ಸಹಿ ಹಾಕಿಸಿಕೊಂಡರು. ಮೊದಲಿನ ಎರಡನ್ನು ಹೇಗೋ ಸಹಿಸಿಕೊಂಡೆ. ಮೂರನೇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ. ಬ್ಯಾಂಕಿನ ಹೆಸರು ಹೇಳಲ್ಲ, ಕೇಳಬೇಡಿ. ದೂರು ಇನ್ನೂ ಮುಗಿದಿಲ್ಲ.

ನಂದು ದಾವಣಗೆರೆಯಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್. ಮಷೀನಿಗೆ ಸಾಲ ಇದೆ, ಚಾಲ್ತಿ ಖಾತೆಯೂ ಅದೇ ಬ್ಯಾಂಕಿನಲ್ಲೇ. ಪ್ರತಿ ತಿಂಗಳು 5ನೇ ತಾರೀಕು ₹22,500 ಕಂತು ತಾನಾಗಿ ಕಟ್ ಆಗುತ್ತೆ. ಆ ತಿಂಗಳು ಖಾತೆಯಲ್ಲಿ ಇದ್ದದ್ದು ₹3,400. ಆದರೆ ಒಂದು ಶಾಲೆಯಿಂದ ಡೈರಿ ಪ್ರಿಂಟ್ ಮಾಡಿಕೊಟ್ಟ ಬಾಬ್ತು ₹38,000 ಬರೋದಿತ್ತು, 4ನೇ ತಾರೀಕು ಮಧ್ಯಾಹ್ನ 3.12ಕ್ಕೆ ಅವರು ಎನ್‌ಇಎಫ್‌ಟಿ ಮಾಡಿಯೂ ಆಯ್ತು. ಎನ್‌ಇಎಫ್‌ಟಿ ಅಂದರೆ ಅರ್ಧ ಗಂಟೆಗೊಂದು ಬ್ಯಾಚು, ದಿನದ 24 ಗಂಟೆನೂ. 3.30ರ ಬ್ಯಾಚಿನಲ್ಲಿ ಹೋದರೆ ಸಂಜೆ 5.30ರೊಳಗೆ ನನ್ನ ಖಾತೆಯಲ್ಲಿ ಇರಬೇಕು. ಬ್ಯಾಚ್ ಸೆಟಲ್ ಆದ ಎರಡು ಗಂಟೆಯೊಳಗೆ ಜಮಾ ಮಾಡಬೇಕು, ಇಲ್ಲಾಂದ್ರೆ ಕಳಿಸಿದವರಿಗೆ ವಾಪಸ್ ಮಾಡಬೇಕು. ಇದು ರಿಸರ್ವ್ ಬ್ಯಾಂಕಿನ ನಿಯಮ.

ಬರಲಿಲ್ಲ. 5ರ ಬೆಳಗ್ಗೆ ಕಂತು ಬೌನ್ಸ್. ಸಂಜೆ ಸಿಸ್ಟಮ್ ಮತ್ತೊಮ್ಮೆ ಪ್ರಯತ್ನಿಸಿ ಮತ್ತೊಮ್ಮೆ ಬೌನ್ಸ್. 6ರಂದು 11.40ಕ್ಕೆ ₹38,000 ಜಮಾ ಆಯ್ತು, ಆಮೇಲೆ ಕಂತೂ ಕಟ್ ಆಯ್ತು. ಅದರ ಹಿಂದೆಯೇ ಸಾಲುಸಾಲಾಗಿ ಮೆಸೇಜು: ರಿಟರ್ನ್ ಚಾರ್ಜ್ ₹590, ಇನ್ನೊಂದು ಸಲ ₹590, ಪೀನಲ್ ಚಾರ್ಜ್ ₹531. ಒಟ್ಟು ₹1,711. ದುಡ್ಡು ಎರಡು ದಿನ ಅವರ ಹತ್ತಿರವೇ ಕೂತಿತ್ತು, ಅದಕ್ಕೆ ದಂಡ ನನಗೆ!

ಶಾಲೆಯ ಕ್ಲರ್ಕ್‌ಗೆ ಫೋನ್ ಮಾಡಿದೆ. "ಸರ್, ನಮ್ಮ ಕಡೆಯಿಂದ ನಾಲ್ಕನೇ ತಾರೀಕೇ ಹೋಗಿದೆ, ಯುಟಿಆರ್ ಕಳಿಸ್ತೀನಿ ನೋಡಿ" ಅಂದರು, ಕಳಿಸಿದರು ಕೂಡ. ಯುಟಿಆರ್ ಅಂದರೆ ಆ ಹಣ ವರ್ಗಾವಣೆಯ ಗುರುತಿನ ಸಂಖ್ಯೆ. ಅದನ್ನು ಹಿಡಿದು ಬ್ರಾಂಚಿಗೆ ಹೋದೆ. ಲೋನ್ ನೋಡಿಕೊಳ್ಳೋ ಆಫೀಸರ್ ಯುಟಿಆರ್ ಹಾಕಿ ನೋಡಿ ಅಲ್ಲೇ ಒಪ್ಪಿಕೊಂಡರು: "ಹೌದು ಸರ್, ಎರಡು ದಿನ ನಮ್ಮ ಸರ್ವರ್ ಪ್ರಾಬ್ಲಮ್ ಇತ್ತು. ತುಂಬಾ ಜನಕ್ಕೆ ಹಿಂಗೇ ಆಗಿದೆ." ಬಾಯಲ್ಲಿ ಹೇಳಿದರು. ಇದನ್ನೇ ಬರೆದುಕೊಡಿ ಅಂದೆ. "ಅದೆಲ್ಲ ಯಾಕೆ ಸರ್, ಒಂದು ರಿಕ್ವೆಸ್ಟ್ ಲೆಟರ್ ಕೊಟ್ಟುಬಿಡಿ, ನಾನೇ ಮಾಡಿಸಿಕೊಡ್ತೀನಿ" ಅಂತ ಹೇಳಿ, ಅವರೇ ಕಂಪ್ಯೂಟರ್‌ನಲ್ಲಿ ಏನೋ ತೆಗೆದು, ನನ್ನ ಹೆಸರು ಸೇರಿಸಿ, ಪ್ರಿಂಟ್ ಕೊಟ್ಟು ಮುಂದೆ ಇಟ್ಟರು. ಇಂಗ್ಲಿಷಿನಲ್ಲಿ ಮೂರೇ ಸಾಲು. ನಾನು ಓದ್ತಾ ಇದ್ದ ಹಾಗೇ, "ಬೇಗ ಸರ್, ತಡ ಆದ್ರೆ ಸಿಬಿಲ್‌ಗೆ ಹೋಗಿಬಿಡುತ್ತೆ" ಅಂದರು.

ಸಿಬಿಲ್ ಅಂದರೆ ಸಾಲಗಾರನ ಕೈ ನಡುಗುತ್ತೆ. ಅದು ಅವರಿಗೆ ಚೆನ್ನಾಗಿ ಗೊತ್ತು. ಆಗ ಬ್ಯಾಂಕುಗಳು ಸಾಲದ ಮಾಹಿತಿಯನ್ನು ಸಿಬಿಲ್‌ನಂಥ ಸಂಸ್ಥೆಗಳಿಗೆ ಕಳಿಸ್ತಾ ಇದ್ದದ್ದು ಹದಿನೈದು ದಿನಕ್ಕೊಮ್ಮೆ, 15ನೇ ತಾರೀಕಿನ ಮತ್ತು ತಿಂಗಳ ಕೊನೆಯ ಲೆಕ್ಕದಲ್ಲಿ. ನನ್ನ ಕಂತು 6ಕ್ಕೇ ಕಟ್ಟಿಯಾಗಿತ್ತು. ಯಾವ ಅವಸರವೂ ಇರಲಿಲ್ಲ.

ಆ ಮೂರು ಸಾಲಿನಲ್ಲಿ ಏನಿತ್ತು ಕೇಳಿ: 'ನನ್ನ ಖಾತೆಯಲ್ಲಿ ಸಾಕಷ್ಟು ಹಣ ಇಲ್ಲದ ಕಾರಣ ಕಂತು ಪಾವತಿ ಆಗಿಲ್ಲ. ಇದಕ್ಕೆ ವಿಷಾದಿಸುತ್ತೇನೆ. ದಯವಿಟ್ಟು ಈ ಒಂದು ಸಲ ಚಾರ್ಜ್ ಮನ್ನಾ ಮಾಡಿ.' ಎನ್‌ಇಎಫ್‌ಟಿ ಮಾತಿಲ್ಲ, ಯುಟಿಆರ್ ಇಲ್ಲ, ಸರ್ವರ್ ಸುದ್ದಿ ಇಲ್ಲ. ತಾರೀಕೇ ಇಲ್ಲ! ಕಳ್ಳನೇ ಠಾಣೆಯಲ್ಲಿ ಕೂತು ನಿಮ್ಮ ಪರವಾಗಿ ದೂರು ಬರೆದುಕೊಟ್ಟ ಹಾಗೆ.

ವಾರ ಕಳೆದರೂ ದುಡ್ಡು ಬರಲಿಲ್ಲ. ಫೋನ್ ಮಾಡಿದರೆ "ಮೇಲಕ್ಕೆ ಕಳಿಸಿದೀನಿ ಸರ್, ಅಪ್ರೂವಲ್ ಬರಬೇಕು." ಬೇಸತ್ತು ಬ್ಯಾಂಕಿನ ವೆಬ್‌ಸೈಟಿನಲ್ಲೇ ದೂರು ಹಾಕಿದೆ, ಯುಟಿಆರ್ ಸಮೇತ. ಅದಕ್ಕೆ ಬಂದ ಉತ್ತರ ಇದು: 'ತಾವು ಶಾಖೆಗೆ ಸಲ್ಲಿಸಿದ ಪತ್ರದಲ್ಲಿ ಖಾತೆಯಲ್ಲಿ ಸಾಕಷ್ಟು ಹಣ ಇರಲಿಲ್ಲವೆಂದು ತಾವೇ ತಿಳಿಸಿರುತ್ತೀರಿ. ಆದ್ದರಿಂದ ಶುಲ್ಕ ನಿಯಮಾನುಸಾರ ಸರಿಯಾಗಿದೆ. ದೂರನ್ನು ಮುಕ್ತಾಯಗೊಳಿಸಲಾಗಿದೆ.'

ನಾನೇ ತಿಳಿಸಿದ್ದೀನಂತೆ! ಅವರು ಟೈಪ್ ಮಾಡಿ, ಅವರು ಪ್ರಿಂಟ್ ತೆಗೆದು, ಅವರ ಪೆನ್ನಲ್ಲೇ ಸಹಿ ಹಾಕಿಸಿಕೊಂಡ ಕಾಗದ. ಬ್ರಾಂಚಿಗೆ ಹೋಗಿ ಆ ಮೇಲ್ ತೋರಿಸಿದರೆ ಆಫೀಸರ್, "ಅದು ಸ್ಟ್ಯಾಂಡರ್ಡ್ ಫಾರ್ಮ್ಯಾಟ್ ಸರ್, ಎಲ್ಲರೂ ಅದನ್ನೇ ಕೊಡ್ತಾರೆ" ಅಂದರು. ಎಲ್ಲರೂ ಕೊಡ್ತಾರಂತೆ. ಇನ್ನೆಷ್ಟು ಜನ ಹೀಗೆ ಸಹಿ ಹಾಕಿ ಸುಮ್ಮನಾಗಿದ್ದಾರೋ.

ಆಮೇಲೆ ಕೂತು ಸರಿಯಾಗಿ ತಿಳಿದುಕೊಂಡೆ. ಮೊದಲು ನೋಡಬೇಕಾದ್ದು ತಡ ಯಾರದ್ದು ಅನ್ನೋದು. ಕಳಿಸಿದವರ ಬ್ಯಾಂಕೇ ತಡಮಾಡಿ ಬ್ಯಾಚಿಗೆ ಹಾಕಿದ್ದರೆ ನಿಮ್ಮ ಬ್ಯಾಂಕಿನ ಮೇಲೆ ಏರಿಹೋಗಿ ಪ್ರಯೋಜನ ಇಲ್ಲ. ಕಳಿಸಿದವರಿಂದ ಎರಡು ವಿಷಯ ತರಿಸಿಕೊಳ್ಳಿ: ಯಾವ ಬ್ಯಾಚಿನಲ್ಲಿ ಸೆಟಲ್ ಆಯ್ತು ಅನ್ನೋದು ಅವರ ಬ್ಯಾಂಕಿನಿಂದ, ಮತ್ತೆ ಜಮಾ ಆದಾಗ ಅವರಿಗೆ ಬಂದ ಮೆಸೇಜಿನ ಸ್ಕ್ರೀನ್‌ಶಾಟ್. ಎನ್‌ಇಎಫ್‌ಟಿಯಲ್ಲಿ ಹಣ ನಿಮ್ಮ ಖಾತೆಗೆ ಬಿದ್ದ ಮೇಲೆ ಕಳಿಸಿದವರಿಗೆ ತಾರೀಕು, ಸಮಯದ ಜೊತೆ ದೃಢೀಕರಣ ಹೋಗುತ್ತೆ. ಶಾಲೆಯ ಮೊಬೈಲಿಗೆ ಬಂದಿದ್ದರಲ್ಲಿ 6ನೇ ತಾರೀಕು, 11.40 ಅಂತಲೇ ಇತ್ತು. ಸೆಟಲ್ ಆಗಿದ್ದು 4ರ 3.30ಕ್ಕೆ. ಮಧ್ಯದ ಹೊತ್ತೆಲ್ಲ ನನ್ನ ಬ್ಯಾಂಕಿನ ಲೆಕ್ಕಕ್ಕೆ. ಇನ್ನು ಗಿರಾಕಿಯೇ ತಡವಾಗಿ ದುಡ್ಡು ಕಳಿಸಿದ್ದರೆ ಈ ಹಕ್ಕಿನ ಮಾತು ನಡೆಯಲ್ಲ, ಆಗ ದಯವಿಟ್ಟು ಅಂತಲೇ ಕೇಳಬೇಕು.

ಎರಡನೇದು ವ್ಯಾಲ್ಯೂ ಡೇಟ್. ಸ್ಟೇಟ್‌ಮೆಂಟ್‌ನಲ್ಲಿ ಎಂಟ್ರಿ ಹಾಕಿದ ತಾರೀಕು ಒಂದು, ಲೆಕ್ಕಕ್ಕೆ ಹಿಡಿಯೋ ತಾರೀಕು ಇನ್ನೊಂದು. ನನ್ನದರಲ್ಲಿ ಎರಡೂ 6 ಅಂತ ಇತ್ತು. ವ್ಯಾಲ್ಯೂ ಡೇಟ್ 4 ಅಂತ ತಿದ್ದಿದರೆ 5ರಂದು ನನ್ನ ಖಾತೆಯಲ್ಲಿ ₹41,400 ಇದ್ದ ಹಾಗೆ ಆಯ್ತು. ಆಗ 'ಸಾಕಷ್ಟು ಹಣ ಇರಲಿಲ್ಲ' ಅನ್ನೋ ಮಾತೇ ಬಿದ್ದುಹೋಗುತ್ತೆ. ಮನ್ನಾ ಕೇಳೋದಕ್ಕಿಂತ ಇದನ್ನು ಕೇಳೋದು ಗಟ್ಟಿ. ಬ್ರಾಂಚಿನಲ್ಲಿ ಇದರ ಸುದ್ದಿಯನ್ನೇ ಎತ್ತಲ್ಲ.

ಮೂರನೇದು ಆ ₹531. ಅದರಲ್ಲಿ ₹450 ಪೀನಲ್ ಚಾರ್ಜ್, ₹81 ಜಿಎಸ್‌ಟಿ. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ 18ರ ಸುತ್ತೋಲೆ ಪ್ರಕಾರ ಪೀನಲ್ ಚಾರ್ಜ್ ಸಾಲಗಾರ ಷರತ್ತು ಮೀರಿದ್ದಕ್ಕೆ, ಆ ತಪ್ಪಿಗೆ ತಕ್ಕಷ್ಟೇ ಇರಬೇಕು. ಇಲ್ಲಿ ಮೀರಿದ್ದು ಯಾರು? ಅದರ ಮೇಲೆ ಜಿಎಸ್‌ಟಿ ಬೇರೆ! ಬ್ಯಾಂಕುಗಳು ಹಾಕೋ ಪೀನಲ್ ಚಾರ್ಜ್‌ಗೆ ಜಿಎಸ್‌ಟಿ ಇಲ್ಲ ಅಂತ ಕೇಂದ್ರ ತೆರಿಗೆ ಮಂಡಳಿ 2025ರ ಜನವರಿಯಲ್ಲೇ ಸ್ಪಷ್ಟ ಮಾಡಿದೆ. ನಿಮ್ಮ ಸ್ಟೇಟ್‌ಮೆಂಟ್ ತೆಗೆದು ನೋಡಿ ಒಮ್ಮೆ.

ಇಷ್ಟು ಕೈಯಲ್ಲಿಟ್ಟುಕೊಂಡು, ದೂರು ನೋಡಿಕೊಳ್ಳೋ ಬ್ಯಾಂಕಿನ ನೋಡಲ್ ಆಫೀಸರ್‌ಗೆ ಕನ್ನಡದಲ್ಲೇ ಬರೆದ ಪತ್ರ ಇದು. ಬೇಕಿದ್ದರೆ ಸಂಖ್ಯೆ ಬದಲಿಸಿಕೊಂಡು ಬಳಸಿ.

'ವಿಷಯ: ಎನ್‌ಇಎಫ್‌ಟಿ ಜಮಾ ವಿಳಂಬದಿಂದ ಕಡಿತವಾದ ₹1,711 ಹಿಂದಿರುಗಿಸುವ ಬಗ್ಗೆ.

ಮಾನ್ಯರೇ, ನನ್ನ ಚಾಲ್ತಿ ಖಾತೆಗೆ 4ರಂದು ಕಳಿಸಲಾದ ₹38,000 ಅಂದು ಮಧ್ಯಾಹ್ನ 3.30ರ ಬ್ಯಾಚಿನಲ್ಲಿ ಸೆಟಲ್ ಆಗಿದೆ (ಯುಟಿಆರ್ ಮತ್ತು ಕಳಿಸಿದ ಬ್ಯಾಂಕಿನ ದೃಢೀಕರಣ ಲಗತ್ತಿಸಿದೆ). ಎರಡು ಗಂಟೆಯೊಳಗೆ ಆಗಬೇಕಿದ್ದ ಜಮಾ ನಿಮ್ಮಲ್ಲಿ 6ರಂದು 11.40ಕ್ಕೆ ಆಗಿದೆ. ಸಮಯಕ್ಕೆ ಜಮಾ ಆಗಿದ್ದರೆ 5ರಂದು ಖಾತೆಯಲ್ಲಿ ₹41,400 ಇರುತ್ತಿತ್ತು, ₹22,500ರ ಕಂತು ವಾಪಸಾಗುತ್ತಿರಲಿಲ್ಲ.

ಆದ್ದರಿಂದ ಜಮಾದ ವ್ಯಾಲ್ಯೂ ಡೇಟ್ 4 ಎಂದು ತಿದ್ದಿ, ಎರಡು ರಿಟರ್ನ್ ಚಾರ್ಜ್ ₹1,180 ಮತ್ತು ಪೀನಲ್ ಚಾರ್ಜ್ ₹531 ಹಿಂದಿರುಗಿಸಿ, ವಿಳಂಬದ ಅವಧಿಗೆ ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ ಶೇ 2 ಸೇರಿಸಿದ ದರದಲ್ಲಿ ಬಡ್ಡಿ ಜಮಾ ಮಾಡಬೇಕೆಂದು ಕೋರುತ್ತೇನೆ. ಶಾಖೆಯಲ್ಲಿ ಸಿದ್ಧಪಡಿಸಿ ನನ್ನಿಂದ ಸಹಿ ಪಡೆದ ಹಿಂದಿನ ಪತ್ರದಲ್ಲಿ ಈ ವಿಳಂಬದ ಉಲ್ಲೇಖವಿಲ್ಲ. ಅದನ್ನು ನಾನು ಹಿಂಪಡೆದಿದ್ದೇನೆ. ಕೋರಿಕೆ ಒಪ್ಪದಿದ್ದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸಿ.'

ಅಷ್ಟೇ. ಎಷ್ಟು ವರ್ಷದ ಗ್ರಾಹಕ, ಮನೆ ಕಷ್ಟ, ಮಕ್ಕಳ ಫೀಸು, ಯಾವುದನ್ನೂ ಬರೆಯಲಿಲ್ಲ. ಮೊದಲು ಬರೆದದ್ದರಲ್ಲಿ ಅದೆಲ್ಲ ಇತ್ತು, ಎರಡು ಪುಟ ಆಗಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆಗಿರೋ ನಮ್ಮ ಮಾವ ಪೆನ್ ಹಿಡಿದು ಹೊಡೆದುಹಾಕಿದರು. "ಓದೋನಿಗೆ ತಾರೀಕು, ಮೊತ್ತ, ಯುಟಿಆರ್ ಸಿಕ್ಕರೆ ಸಾಕು ಕಣಪ್ಪ. ನೀನು ಅತ್ತರೆ ಅವನು ಕನಿಕರದ ಫೈಲಿಗೆ ಹಾಕ್ತಾನೆ" ಅಂದರು. 'ವಿಷಾದ', 'ಕ್ಷಮಿಸಿ', 'ದಯವಿಟ್ಟು ಈ ಒಂದು ಸಲ', ಈ ಮೂರನ್ನು ಎಲ್ಲಿದ್ದರೂ ತೆಗೆಸಿದರು. ಲಿಖಿತ ಕಾರಣ ಕೇಳೋ ಸಾಲು ಅವರೇ ಸೇರಿಸಿದ್ದು. ಬ್ಯಾಂಕು ಆಗಲ್ಲ ಅಂತ ಬರೆದುಕೊಟ್ಟರೂ, 30 ದಿನದಲ್ಲಿ ಉತ್ತರವೇ ಬರದಿದ್ದರೂ, ಮುಂದೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ಹೋಗಬಹುದು, ಕಾಸು ಖರ್ಚಿಲ್ಲ. ಬ್ಯಾಂಕಿಗೆ ಮೊದಲು ಬರೆಯದೆ ನೇರ ಅಲ್ಲಿಗೆ ಹೋದರೆ ತೆಗೆದುಕೊಳ್ಳಲ್ಲ.

ಕೈಯಲ್ಲಿ ಕೊಟ್ಟರೆ ಇನ್ನೊಂದು ಪ್ರತಿಗೆ ಸೀಲ್, ತಾರೀಕು ಹಾಕಿಸಿಕೊಳ್ಳಿ. ನನ್ನ ಮೊದಲ ಪತ್ರಕ್ಕೆ ಪ್ರತಿ ಕೇಳಿದಾಗ "ಇದು ಇಂಟರ್ನಲ್ ಸರ್" ಅಂದಿದ್ದರು. ನನ್ನ ಸಹಿ ಇರೋ ಕಾಗದ ನನಗೇ ಇಂಟರ್ನಲ್!

ನೋಡಲ್ ಆಫೀಸಿಗೆ ಹೋದ ಮೇಲೆ ₹1,711 ಪೂರ್ತಿ ವಾಪಸ್ ಬಂತು. ಜೊತೆಗೆ ಬಂದ ಮೇಲ್‌ನಲ್ಲಿ 'ಗ್ರಾಹಕ ಸ್ನೇಹಿ ಕ್ರಮವಾಗಿ' ಅಂತ ಬರೆದಿದ್ದಾರೆ, ತಡ ಅನ್ನೋ ಪದ ಅಪ್ಪಿತಪ್ಪಿಯೂ ಇಲ್ಲ. ಬ್ರಾಂಚಿನ ಆಫೀಸರ್ ಫೋನ್ ಮಾಡಿ "ನೋಡಿದ್ರಾ ಸರ್, ಮಾಡಿಸಿಕೊಟ್ಟೆ" ಅಂದರು. ಏನು ಹೇಳೋದು.

ವ್ಯಾಲ್ಯೂ ಡೇಟ್ ಇನ್ನೂ 6 ಅಂತಲೇ ಇದೆ. ಬಡ್ಡಿಯೂ ಬಂದಿಲ್ಲ. ಲೆಕ್ಕ ಹಾಕಿದರೆ ಹದಿನೈದು ರೂಪಾಯಿ ಆಸುಪಾಸು ಆಗುತ್ತೆ, ನಾನು ಕೇಳದೇ ಅವರೇ ಜಮಾ ಮಾಡಬೇಕಾದ ದುಡ್ಡು ಅದು. ಅವರ ಎರಡು ದಿನಕ್ಕೆ ಹದಿನೈದು ರೂಪಾಯಿ, ನನ್ನ ಒಂದು ದಿನಕ್ಕೆ ₹1,711. ಆ ಹದಿನೈದಕ್ಕೂ ಓಂಬುಡ್ಸ್‌ಮನ್‌ಗೆ ದೂರು ಹಾಕಿದ್ದೀನಿ.